ಬೇಳೆ ಎಷ್ಟು ಕಿಲೋ, ಸ್ವೆಟರ್ ಎಂಥದ್ದು

ಮಕ್ಕಳ ಮನೆಗಳಿಂದ ದಾನಿಗಳಿಗೆ ಬರುವ ಬಹುತೇಕ ಪತ್ರಗಳಲ್ಲಿ 'ದವಸಧಾನ್ಯ, ಬಟ್ಟೆಬರೆ, ಪುಸ್ತಕಗಳನ್ನು ನೀಡಿ ಸಹಕರಿಸಬೇಕು' ಎಂಬ ಒಂದೇ ಸಾಲು ಇರುತ್ತದೆ. ಆ ಸಾಲನ್ನು ಓದಿದವರು ತಮ್ಮ ಮನೆಯಲ್ಲಿ ಏನು ಬೇಡವಾಗಿದೆಯೋ ಅದನ್ನು ಕಟ್ಟಿ ಕಳಿಸುತ್ತಾರೆ. ಆಗಸ್ಟ್ 15ರಂದು ಬಿಸ್ಕತ್ತು ರಾಶಿ ಬೀಳುತ್ತದೆ, ಬೇಳೆ ಮಾತ್ರ ಬಂದಿರುವುದಿಲ್ಲ. ಇದರಲ್ಲಿ ದಾನಿಯ ತಪ್ಪಿಲ್ಲ. ಏನು, ಎಷ್ಟು, ಯಾವ ಸ್ಥಿತಿಯಲ್ಲಿ ಬೇಕು ಎಂದು ಅವರಿಗೆ ಯಾರೂ ಹೇಳಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಸಂಸ್ಥೆಯೊಂದು ನಡೆಸುವ ಮನೆಯಲ್ಲಿ 6ರಿಂದ 18 ವರ್ಷದ 40 ಹೆಣ್ಣುಮಕ್ಕಳಿದ್ದಾರೆ. ಜೂನ್ ತಿಂಗಳ ಪತ್ರ ಬರೆಯಬೇಕು. ಬರೆಯಲು ಕೂರುವ ಮೊದಲು ಉಗ್ರಾಣದ ದಾಸ್ತಾನು ಪುಸ್ತಕ ತೆರೆಯಬೇಕು. ಬಾಲನ್ಯಾಯದ 2016ರ ಮಾದರಿ ನಿಯಮಗಳ ಪ್ರಕಾರ ಒಂದು ಮಗುವಿಗೆ ದಿನಕ್ಕೆ 120 ಗ್ರಾಂ ಬೇಳೆಕಾಳು ಸಿಗಬೇಕು. 40 ಮಕ್ಕಳಿಗೆ ದಿನಕ್ಕೆ 4.8 ಕಿಲೋ, ತಿಂಗಳಿಗೆ 144 ಕಿಲೋ ಆಯಿತು. ಹುಟ್ಟುಹಬ್ಬ, ಪುಣ್ಯತಿಥಿ ಎಂದು ದಾನಿಗಳೇ ಇಡೀ ದಿನದ ಊಟ ವಹಿಸಿಕೊಂಡ ದಿನಗಳು ನಾಲ್ಕಿದ್ದರೆ 19 ಕಿಲೋ ಉಳಿಯುತ್ತದೆ. ಡಬ್ಬದಲ್ಲಿ 45 ಕಿಲೋ ಇದೆ. ಅವೆರಡನ್ನೂ ಕಳೆದರೆ ಬೇಕಾದದ್ದು 80 ಕಿಲೋ. ಪತ್ರದಲ್ಲಿ ಅದನ್ನೇ ಬರೆಯಬೇಕು. ಇರಲಿ ಎಂದು 200 ಕಿಲೋ ಕೇಳಿದರೆ ಮಳೆಗಾಲದಲ್ಲಿ ಹುಳ ಹಿಡಿಯುತ್ತದೆ, ಸುರಿಯುವುದು ತಿಪ್ಪೆಗೆ.

80 ಕಿಲೋ ಎಂದೊಡನೆ ಸಣ್ಣ ಸಂಬಳದವರು ಪತ್ರ ಮಡಿಸಿಡುತ್ತಾರೆ. ಅದಕ್ಕೇ ಅದನ್ನು ಐದೈದು ಕಿಲೋದ 16 ಪಾಲು ಮಾಡಿ, 'ತರುವ ಮೊದಲು ಫೋನ್ ಮಾಡಿ ಒಂದು ಪಾಲು ಕಾದಿರಿಸಿ' ಎಂದು ಬರೆಯುವುದು ಜಾಣತನ. ಫೋನ್ ಎತ್ತುವವರು ಪಾಲಿನ ಮುಂದೆ ಗುರುತು ಹಾಕುತ್ತಾ ಹೋದರೆ ಹದಿನೇಳನೆಯವರಿಗೆ ಎಣ್ಣೆಯನ್ನೋ ರಾಗಿಯನ್ನೋ ಸೂಚಿಸಬಹುದು.

ಲೆಕ್ಕಕ್ಕಿಂತ ಕಷ್ಟದ್ದು ವಸ್ತುವಿನ ಸ್ಥಿತಿ. 'ಚೆನ್ನಾಗಿರುವ ಹಳೆಯ ಬಟ್ಟೆ' ಎಂದರೆ ಒಬ್ಬೊಬ್ಬರಿಗೂ ಒಂದೊಂದು ಅರ್ಥ. ಕೊಡುವವರು ತಮ್ಮ ಮನೆಯಲ್ಲೇ ಕೈಯಲ್ಲಿ ಹಿಡಿದು ಪರೀಕ್ಷಿಸುವಂತೆ ಬರೆದರೆ ಆ ಗೊಂದಲವಿಲ್ಲ. ಉದಾಹರಣೆಗೆ ಹೀಗೆ:

'ಸ್ವೆಟರ್ 14 ಬೇಕು, 8ರಿಂದ 12 ವರ್ಷದವರಿಗೆ. ಬಳಸಿದ್ದಾದರೂ ಆಗಬಹುದು. ಒಗೆದು ಒಣಗಿಸಿರಬೇಕು. ಜಿಪ್ ಮೇಲಿನಿಂದ ಕೆಳಗಿನವರೆಗೂ ಸರಾಗವಾಗಿ ಓಡಬೇಕು. ತೋಳಿನ ತುದಿ ಎಳೆದು ಬಿಟ್ಟರೆ ಮತ್ತೆ ಬಿಗಿಯಾಗಬೇಕು. ಶೂ 26 ಜೊತೆ ಬೇಕು: 13ನೇ ಸೈಜು 6, 2ನೇ ಸೈಜು 9, 4ನೇ ಸೈಜು 11. ಹೊಸದು ಮಾತ್ರ. ಒಳ ಉಡುಪು ಹೊಸದು ಮಾತ್ರ, ಸೈಜು ಫೋನಿನಲ್ಲಿ ತಿಳಿಸುತ್ತೇವೆ.'

ಸ್ವೆಟರ್ ಹಳೆಯದಾಗಬಹುದು, ಶೂ ಯಾಕಾಗದು ಎಂದು ಕೆಲವರು ಕೇಳುತ್ತಾರೆ. ಬಳಸಿದ ಶೂ ಮೊದಲು ಹಾಕಿದವರ ಪಾದದ ಆಕಾರಕ್ಕೆ ಬಗ್ಗಿರುತ್ತದೆ, ಹಿಮ್ಮಡಿ ಒಂದು ಕಡೆ ಸವೆದಿರುತ್ತದೆ. ಬೆಳೆಯುವ ಕಾಲಿಗೆ ಅದನ್ನು ಹಾಕಬಾರದು. ಒಳ ಉಡುಪಿನ ಮಾತು ಇನ್ನೂ ಸ್ಪಷ್ಟ. ಬೇರೆಯವರು ಹಾಕಿ ಬಿಟ್ಟದ್ದನ್ನು ನಮ್ಮ ಮಕ್ಕಳಿಗೆ ಕೊಡದ ಮೇಲೆ ಆ ಮಕ್ಕಳಿಗೂ ಕೊಡುವಂತಿಲ್ಲ. ಇದನ್ನು ಬರೆಯಲು ಸಂಕೋಚಪಡುವ ಮನೆಗಳಿವೆ. ಬೇಡುವವರಿಗೆ ಆಯ್ಕೆ ಎಲ್ಲಿಯದು ಎಂದು ಯಾರಾದರೂ ಅಂದಾರು ಎಂಬ ಭಯ. ಆ ಭಯಕ್ಕೆ ಬೆಲೆ ತೆರುವುದು ಮಾತ್ರ ಮಕ್ಕಳು.

ಸ್ಯಾನಿಟರಿ ಪ್ಯಾಡಿನ ವಿಷಯದಲ್ಲೂ ಇದೇ ಸಂಕೋಚ. 'ಶುಚಿತ್ವದ ಸಾಮಗ್ರಿ' ಎಂದು ಬರೆದರೆ ಬರುವುದು ಸೋಪು, ಫಿನಾಯಿಲ್. ಈ ಮನೆಯಲ್ಲಿ ಮುಟ್ಟಾಗುವವರು 22 ಮಂದಿ. ತಲಾ ಎರಡು ಪೊಟ್ಟಣದಂತೆ ತಿಂಗಳಿಗೆ 44 ಬೇಕು. ಹೆಸರು ಹಿಡಿದೇ ಕೇಳಬೇಕು, ಒಡೆಯದ ಪೊಟ್ಟಣವೇ ಬೇಕೆಂದೂ ಹೇಳಬೇಕು.

ಬೇಡವಾದುದನ್ನೂ ಪತ್ರದಲ್ಲಿ ಹೇಳಬೇಕು. ಮಕ್ಕಳು ಹೋಗುವುದು ಸರ್ಕಾರಿ ಶಾಲೆಗಾದರೆ ಪಠ್ಯಪುಸ್ತಕ ಅಲ್ಲೇ ಸಿಗುತ್ತದೆ, ಇವರಿಗೆ ಕಡಿಮೆ ಬೀಳುವುದು ನೋಟ್‌ಬುಕ್. ಕತ್ತರಿಸಿದ ಮಾತ್ರೆಯ ಸ್ಟ್ರಿಪ್ಪುಗಳನ್ನು ತೆಗೆದುಕೊಳ್ಳಲೇಬಾರದು, ಔಷಧದ ಅವಧಿ ಮುಗಿಯುವ ದಿನಾಂಕ ಹಲವು ಸಲ ಕತ್ತರಿಸಿ ಹೋದ ತುಂಡಿನಲ್ಲೇ ಇರುತ್ತದೆ. ಪ್ಯಾಕ್ ಮಾಡಿದ ತಿನಿಸಾದರೆ ಅವಧಿ ಕನಿಷ್ಠ ಮೂರು ತಿಂಗಳು ಬಾಕಿ ಇರಲಿ ಎಂದು ಕೇಳುವುದು ಒಳ್ಳೆಯದು.

ಇನ್ನೆರಡು ವಿಷಯ ಪತ್ರದಲ್ಲೇ ಇದ್ದರೆ ಆಮೇಲಿನ ಮನಸ್ತಾಪ ತಪ್ಪುತ್ತದೆ. ಒಂದು, ತೆರಿಗೆ. ದೇಣಿಗೆಯ ತೆರಿಗೆ ವಿನಾಯಿತಿ ಸಿಗುವುದು ಹಣಕ್ಕೆ, ವಸ್ತುವಿಗಲ್ಲ. ಬೇಳೆ ಕೊಟ್ಟವರಿಗೆ ಎಷ್ಟು ಕಿಲೋ, ಯಾವ ದಿನ ಎಂದು ಬರೆದ ಸ್ವೀಕೃತಿ ರಸೀದಿ ಕೊಡಬಹುದು, ಅಷ್ಟೆ. ಇನ್ನೊಂದು, ಫೋಟೊ. ಮಕ್ಕಳ ಮಧ್ಯೆ ನಿಂತು ಫೋಟೊ ತೆಗೆಸಿಕೊಂಡು ಹಂಚಬೇಕೆಂಬ ಆಸೆ ಹಲವರಿಗಿದೆ. ಇಂಥ ಮಕ್ಕಳ ಗುರುತು ಬಯಲಾಗುವ ಫೋಟೊ ಪ್ರಕಟಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ತಡೆಯುತ್ತದೆ. ಬಾಗಿಲಲ್ಲಿ ನಿಲ್ಲಿಸಿ ಬೇಡ ಎನ್ನುವುದು ಇಬ್ಬರಿಗೂ ಮುಜುಗರ. 'ನೀವು ತಂದ ಸಾಮಾನು ಉಗ್ರಾಣ ಸೇರಿದ ಫೋಟೊ ಕಳಿಸುತ್ತೇವೆ, ಮಕ್ಕಳ ಫೋಟೊ ತೆಗೆಯುವಂತಿಲ್ಲ' ಎಂದು ಪತ್ರದಲ್ಲೇ ಬರೆದಿದ್ದರೆ, ಬರುವವರು ಅದನ್ನು ತಿಳಿದೇ ಬರುತ್ತಾರೆ.