ಎರಡು ಎಕರೆ ಇಪ್ಪತ್ತು ಗುಂಟೆ ಸೋಯಾಬೀನಿಗೆ ಗೊಬ್ಬರ ಎಷ್ಟು, ಬೀಜ ಎಷ್ಟು?

"ಉತಾರದಾಗ 2-20 ಅಂತ ಐತಿ. ಸೋಯಾಕ್ಕ ಡಿಎಪಿ ಎಷ್ಟು, ಯೂರಿಯಾ ಎಷ್ಟು, ಬೀಜ ಎಷ್ಟು ಬೇಕ್ರಿ?" ಬೈಲಹೊಂಗಲ ಕಡೆಯ ಓದುಗರೊಬ್ಬರ ಪ್ರಶ್ನೆ ಇದು. ಜೊತೆಗೆ ಯಾರೋ ಬರೆದುಕೊಟ್ಟ ಬೆಳೆ ಯೋಜನೆಯ ಲೆಕ್ಕವೂ ಇತ್ತು: ಕ್ಷೇತ್ರ 2.20 ಎಕರೆ, ಬೀಜ 55 ಕಿಲೋ, ಡಿಎಪಿ 153 ಕಿಲೋ, ಯೂರಿಯಾ 77 ಕಿಲೋ. ಮೇಲ್ನೋಟಕ್ಕೆ ಎಲ್ಲವೂ ಅಚ್ಚುಕಟ್ಟು. ಆದರೆ ನಾಲ್ಕು ಅಂಕಿಗಳಲ್ಲಿ ಒಂದೂ ಸರಿಯಿಲ್ಲ.

ಮೊದಲನೆಯ ತಪ್ಪು ಚುಕ್ಕೆಯಲ್ಲಿದೆ. ಉತಾರದಲ್ಲಿ ಕ್ಷೇತ್ರವನ್ನು ಎಕರೆ, ಗುಂಟೆ, ಆಣೆ ಎಂದು ಬರೆಯುತ್ತಾರೆ. ಎಕರೆಗೆ 40 ಗುಂಟೆ. ಹಾಗಾಗಿ 2-20 ಎಂದರೆ ಎರಡೂವರೆ ಎಕರೆ. ಅದನ್ನೇ 2.20 ಎಂದು ಕ್ಯಾಲ್ಕುಲೇಟರಿಗೆ ಒತ್ತಿದರೆ ಯಂತ್ರಕ್ಕೆ ಅದು ದಶಾಂಶ. ಎರಡು ಎಕರೆ ಎಂಟು ಗುಂಟೆ ಎಂದು ತಿಳಿದುಕೊಳ್ಳುತ್ತದೆ. ಹನ್ನೆರಡು ಗುಂಟೆ ಹೊಲ ಅಲ್ಲೇ ಮಾಯ! ಗುಂಟೆಯನ್ನು 40ರಿಂದ ಭಾಗಿಸಿ ಎಕರೆಗೆ ಕೂಡಿಸಿದರೆ ಈ ತೊಂದರೆಯಿಲ್ಲ. ಬೇರೆಯವರು ಬರೆದ ಪಟ್ಟಿಯನ್ನು ಪರೀಕ್ಷಿಸುವಾಗ ಒಂದು ಗುರುತು ನೆರವಾಗುತ್ತದೆ. ಎಕರೆ-ಗುಂಟೆಯ ಬರಹದಲ್ಲಿ ಚುಕ್ಕೆಯ ಮುಂದಿನ ಅಂಕಿ ಎಂದೂ 40 ಮುಟ್ಟುವುದಿಲ್ಲ. ಪಟ್ಟಿಯಲ್ಲಿ ಎಲ್ಲಾದರೂ 1.75 ಕಂಡರೆ ಅದು ದಶಾಂಶದ ಬರಹ. ನೂರಾರು ಹೊಲಗಳಿದ್ದೂ 40 ದಾಟಿದ ಒಂದು ಅಂಕಿಯೂ ಕಾಣದಿದ್ದರೆ ಅವು ಗುಂಟೆಗಳೆಂದೇ ತಿಳಿಯಬೇಕು. ಉತಾರದಲ್ಲಿ ಖರಾಬು ಎಂದು ತೋರಿಸಿದ ಜಾಗವನ್ನು ಕಳೆದು, ಬಿತ್ತುವ ನೆಲವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ಗೊಬ್ಬರ. ಸೋಯಾಬೀನಿಗೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಹೆಕ್ಟೇರಿಗೆ 40 ಕಿಲೋ ಸಾರಜನಕ, 80 ಕಿಲೋ ರಂಜಕ, 25 ಕಿಲೋ ಪೊಟ್ಯಾಷ್. ಇವು ಪೋಷಕಾಂಶದ ತೂಕಗಳು, ಚೀಲದ ತೂಕಗಳಲ್ಲ. ಎರಡೂವರೆ ಎಕರೆ ಎಂದರೆ ಹೆಚ್ಚುಕಡಿಮೆ ಒಂದು ಹೆಕ್ಟೇರು, ಆದ್ದರಿಂದ ಈ ಹೊಲಕ್ಕೆ ಅದೇ ಅಂಕಿಗಳು ಸಾಕು. ಲೆಕ್ಕವನ್ನು ರಂಜಕದಿಂದ ಶುರು ಮಾಡಬೇಕು. ಡಿಎಪಿಯಲ್ಲಿ ರಂಜಕ ನೂರಕ್ಕೆ 46 ಪಾಲು. 80 ಕಿಲೋ ರಂಜಕಕ್ಕೆ 174 ಕಿಲೋ ಡಿಎಪಿ, ಅಂದರೆ ಮೂರೂವರೆ ಚೀಲ ಬೇಕು. ಅದೇ ಡಿಎಪಿಯಲ್ಲಿ ನೂರಕ್ಕೆ 18 ಪಾಲು ಸಾರಜನಕವೂ ಇದೆ. ಹೀಗಾಗಿ 31 ಕಿಲೋ ಸಾರಜನಕ ಆಗಲೇ ಹೊಲಕ್ಕೆ ಬಿದ್ದಂತಾಯಿತು. ಉಳಿದದ್ದು ಸುಮಾರು 9 ಕಿಲೋ. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46 ಪಾಲು, ಆದ್ದರಿಂದ 19 ಕಿಲೋ ಯೂರಿಯಾ ಸಾಕು. 45 ಕಿಲೋ ಚೀಲದ ಅರ್ಧವೂ ಅಲ್ಲ!

ಯೋಜನೆಯಲ್ಲಿ 77 ಕಿಲೋ ಹೇಗೆ ಬಂತು? ಡಿಎಪಿಯೊಳಗಿನ ಸಾರಜನಕವನ್ನು ಕಳೆಯಲು ಮರೆತು, ಪೂರ್ತಿ ಸಾರಜನಕವನ್ನು ಯೂರಿಯಾದಿಂದಲೇ ತುಂಬಿಸಲಾಗಿದೆ. ಪೊಟ್ಯಾಷನ್ನಂತೂ ಬರೆದೇ ಇಲ್ಲ. 25 ಕಿಲೋ ಪೊಟ್ಯಾಷಿಗೆ ಎಂಒಪಿ 42 ಕಿಲೋ ಬೇಕಿತ್ತು. ಯೋಜನೆಯ ಅಂಕಿಗಳನ್ನು ಹಿಂದುಮುಂದಾಗಿ ಬಿಡಿಸಿದರೆ ಹೊಲಕ್ಕೆ ಬೀಳುವ ಸಾರಜನಕ ಸುಮಾರು 63 ಕಿಲೋ, ರಂಜಕ 70 ಕಿಲೋ. ಒಂದೇ ಹಾಳೆಯಲ್ಲಿ ಸಾರಜನಕ ಒಂದೂವರೆ ಪಟ್ಟು ಮೀರಿದೆ, ರಂಜಕ 10 ಕಿಲೋ ಕಡಿಮೆ ಬಿದ್ದಿದೆ.

"ಯೂರಿಯಾ ಜಾಸ್ತಿ ಆದರೇನು, ಬೆಳೆ ಕಪ್ಪಗೆ ಹಸಿರಾಗಿ ಎದ್ದು ಬರತೈತಿ" ಎಂಬ ನಂಬಿಕೆ ಊರೂರಲ್ಲಿದೆ. ಸೋಯಾಬೀನಿನ ಮಟ್ಟಿಗೆ ಇದು ಶುದ್ಧ ತಪ್ಪು, ಮತ್ತು ಬೆಲೆ ತೆರಿಸುವ ತಪ್ಪು. ಹೂವಾಡುವ ಹೊತ್ತಿಗೆ ಒಂದು ಗಿಡವನ್ನು ಮಣ್ಣುಸಮೇತ ಅಗೆದು, ಬೇರು ತೊಳೆದು ನೋಡಿ. ಕಾಳಿನ ಗಾತ್ರದ ಗಂಟುಗಳು ಅಂಟಿಕೊಂಡಿರುತ್ತವೆ. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಲೆಗ್‌ಹಿಮೋಗ್ಲೋಬಿನ್ ಎಂಬ ವಸ್ತುವಿನ ಬಣ್ಣವದು, ನಮ್ಮ ರಕ್ತಕ್ಕೆ ಕೆಂಪು ಕೊಡುವ ಹಿಮೋಗ್ಲೋಬಿನ್‌ನ ಹತ್ತಿರದ ಸಂಬಂಧಿ. ಗಂಟಿನೊಳಗಿನ ರೈಜೋಬಿಯಂ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುತ್ತಿವೆ ಎಂಬುದಕ್ಕೆ ಆ ಬಣ್ಣವೇ ಸಾಕ್ಷಿ. ಮಣ್ಣಿನಲ್ಲಿ ಸಾರಜನಕ ಧಾರಾಳವಾಗಿ ಸಿಕ್ಕರೆ ಗಿಡ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ. ರೈತ ದುಡ್ಡು ಕೊಟ್ಟು ತಂದ ಯೂರಿಯಾ, ಪುಕ್ಕಟೆ ಸಿಗುತ್ತಿದ್ದ ಸಾರಜನಕವನ್ನು ನಿಲ್ಲಿಸುತ್ತದೆ. ಗಿಡ ಎಲೆಯಲ್ಲಿ ಸೊಕ್ಕಿ ಬೆಳೆಯುತ್ತದೆ. ಶಿಫಾರಸಿನಲ್ಲಿ ಸಾರಜನಕ ರಂಜಕದ ಅರ್ಧ ಮಾತ್ರ ಇರುವುದಕ್ಕೆ ಕಾರಣ ಈ ಗಂಟುಗಳೇ.

ಬೀಜದ ಲೆಕ್ಕ ಇನ್ನೂ ಸೊಗಸು. ಶಿಫಾರಸು ಎಕರೆಗೆ 25 ಕಿಲೋ. ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 10 ಸೆಂಟಿಮೀಟರ್ ಅಂತರವಿಟ್ಟರೆ ಎಕರೆಗೆ ಸುಮಾರು 1.35 ಲಕ್ಷ ಗಿಡ. ನೂರು ಕಾಳು 13 ಗ್ರಾಂ ತೂಗಿದರೆ ಅಷ್ಟು ಕಾಳಿನ ತೂಕ ಹದಿನೇಳೂವರೆ ಕಿಲೋ. ಪ್ರಮಾಣಿತ ಸೋಯಾ ಬೀಜಕ್ಕೆ ಕನಿಷ್ಠ ಮೊಳಕೆ ನೂರಕ್ಕೆ 70. ಹುಟ್ಟದ 30 ಪಾಲನ್ನು ತುಂಬಿಸಿಕೊಂಡರೆ ಸರಿಯಾಗಿ 25 ಕಿಲೋ! ಈ ಹೊಲಕ್ಕೆ ಬೇಕಾದದ್ದು ಅರವತ್ತೆರಡೂವರೆ ಕಿಲೋ; ಯೋಜನೆಯ 55 ಕಿಲೋ ಸಾಲುವುದಿಲ್ಲ.

ಈ ಲೆಕ್ಕದ ಗುಟ್ಟು ಮೊಳಕೆಯಲ್ಲಿದೆ. ಸೋಯಾ ಕಾಳಿನ ಸಿಪ್ಪೆ ತೆಳು. ಕೊಯ್ಲಿನಲ್ಲಿ ಮಳೆಗೆ ಸಿಕ್ಕರೆ, ಚೀಲ ಎತ್ತಿ ಒಗೆದರೆ ಮೊಳಕೆ ಕುಸಿಯುತ್ತದೆ. 2019ರ ಕೊಯ್ಲಿನ ಮಳೆಗೆ ನೆನೆದ ಬೀಜ 2020ರ ಮುಂಗಾರಿನಲ್ಲಿ ಮಹಾರಾಷ್ಟ್ರದ ಎಷ್ಟೋ ಹೊಲಗಳಲ್ಲಿ ಹುಟ್ಟದೇ ಹೋಯಿತು. ಆದ್ದರಿಂದ ಬಿತ್ತುವ ವಾರಕ್ಕೆ ಮುಂಚೆ ನೂರು ಕಾಳನ್ನು ಹಸಿ ಗೋಣಿತಟ್ಟಿನಲ್ಲಿ ಸುತ್ತಿಟ್ಟು ಎಣಿಸಬೇಕು. ಮೊಳಕೆ 60 ಬಂದರೆ 25ನ್ನು 70ರಿಂದ ಗುಣಿಸಿ 60ರಿಂದ ಭಾಗಿಸಿ: ಎಕರೆಗೆ 29 ಕಿಲೋ. ಅದಕ್ಕಿಂತ ತೀರ ಕೆಳಗಿಳಿದರೆ ಬೀಜದ ತೂಕ ಏರಿಸುವ ಬದಲು ಬೀಜವನ್ನೇ ಬದಲಿಸುವುದು ಲೇಸು.

ಹಾಳೆಯ ಲೆಕ್ಕ ಹೊಲಕ್ಕೆ ಇಳಿದಿದೆಯೇ ಎಂಬುದನ್ನು ಕೂರಿಗೆಯ ಹಿಂದೆಯೇ ನೋಡಬಹುದು. ಬಿತ್ತನೆ ಶುರುವಾದ ಕೂಡಲೇ ಒಂದು ಮೀಟರ್ ಸಾಲಿನ ಮಣ್ಣು ಸರಿಸಿ ಕಾಳು ಎಣಿಸಬೇಕು. ನೂರಕ್ಕೆ 70 ಮೊಳಕೆಯ ಬೀಜವಾದರೆ ಸುಮಾರು 14 ಕಾಳು ಸಿಗಬೇಕು. 20 ಸಿಕ್ಕರೆ ಬೀಜ ಅರ್ಧ ದಾರಿಯಲ್ಲೇ ಮುಗಿಯುವ ಲಕ್ಷಣ. 9 ಸಿಕ್ಕರೆ ಹೊಲ ವಿರಳವಾಗುವ ಲಕ್ಷಣ.

ಬೈಲಹೊಂಗಲ, ಕಿತ್ತೂರಿನ ಈ ಸೋಯಾ ಹಾಳೆಯನ್ನು ಸವದತ್ತಿ, ರಾಮದುರ್ಗದ ಎರೆ ಹೊಲಕ್ಕೆ ಒಯ್ಯುವಂತಿಲ್ಲ. ಅದು ಒಣವಲಯ. ಅಲ್ಲಿನ ಮಳೆಯಾಶ್ರಿತ ಹಿಂಗಾರಿ ಜೋಳಕ್ಕೆ ಹೆಕ್ಟೇರಿಗೆ 50 ಕಿಲೋ ಸಾರಜನಕ, 25 ಕಿಲೋ ರಂಜಕ. ಬೀಜ ಎಕರೆಗೆ ಮೂರೇ ಕಿಲೋ. ಜೋಳಕ್ಕೆ ಬೇರುಗಂಟಿಲ್ಲ, ಆದ್ದರಿಂದ ಅಲ್ಲಿ ಸಾರಜನಕ ರಂಜಕದ ಎರಡು ಪಟ್ಟು.

ಸಹಿ ಹಾಕುವ ಮುನ್ನ ಬೆಳೆ ಯೋಜನೆಯನ್ನು ಒಮ್ಮೆ ಹೀಗೆ ಬಿಡಿಸಿ ನೋಡಿ. ಸಂಶಯ ಉಳಿದರೆ ಉತಾರ ಮತ್ತು ಬೀಜದ ಚೀಲದ ಮೇಲಿನ ಚೀಟಿ ಹಿಡಿದು ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೋ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ, ಅಂಕಿ ಎಕರೆಯದೋ ಹೆಕ್ಟೇರಿನದೋ ಎಂಬುದನ್ನು ಮೊದಲು ಕೇಳಿ.