ಕೋರ್ಟು ಬಿಡಿ ಎಂದರೂ ಫಾರಂ ಬಿಡದ ‘ಡೊಮಿಸೈಲ್’

‘ಡೊಮಿಸೈಲ್’ ಎಂದರೆ ಕಾಯಂ ನೆಲೆ. ಸಂವಿಧಾನದ 5ನೇ ವಿಧಿ ಪೌರತ್ವದ ಮಾತು ಬಂದಾಗ ಹೇಳುವುದು ಭಾರತದ ನೆಲೆಯನ್ನು ಮಾತ್ರ. ಕರ್ನಾಟಕದ್ದೊಂದು, ತಮಿಳುನಾಡಿನದ್ದೊಂದು ಬೇರೆ ಬೇರೆ ನೆಲೆ ಅದರಲ್ಲಿಲ್ಲ. ಆದರೂ ಈ ಪದ ರಾಜ್ಯಗಳ ಫಾರಂಗಳಿಗೆ ಹೊಕ್ಕಿತು.

ಇಂದೋರಿನ ವೈದ್ಯಕೀಯ ಕಾಲೇಜು ಮಧ್ಯಭಾರತ ರಾಜ್ಯದವರಿಗೆ ಕ್ಯಾಪಿಟೇಷನ್ ಶುಲ್ಕ ಬಿಟ್ಟು, ಹೊರಗಿನವರಿಂದ ವಸೂಲು ಮಾಡುತ್ತಿತ್ತು. ದೆಹಲಿಯ ವಿದ್ಯಾರ್ಥಿ ಡಿ.ಪಿ. ಜೋಶಿ ಸುಪ್ರೀಂ ಕೋರ್ಟಿಗೆ ಹೋದರು. 1955ರಲ್ಲಿ ಬಹುಮತದ ತೀರ್ಪು ಬಂತು: ಆ ನಿಯಮದ ‘ಡೊಮಿಸೈಲ್’ಗೆ ವಾಸ ಎಂದಷ್ಟೇ ಅರ್ಥ, ಶುಲ್ಕ ಸರಿ. 1984ರಲ್ಲಿ ಪ್ರದೀಪ್ ಜೈನ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ದೇಶಕ್ಕಿರುವುದು ಒಂದೇ ಡೊಮಿಸೈಲ್, ಪ್ರವೇಶ ನಿಯಮಗಳಲ್ಲಿ ಈ ಪದದ ತಪ್ಪು ಬಳಕೆ ನಿಲ್ಲಿಸಿ ಎಂದು ರಾಜ್ಯಗಳನ್ನು ಒತ್ತಾಯಿಸಿತು. 2025ರಲ್ಲೂ ಅದನ್ನೇ ಹೇಳಬೇಕಾಯಿತು. ಫಾರಂ ಅಚ್ಚು ಹಾಕಿಸುವವರು ತೀರ್ಪು ಓದುವುದಿಲ್ಲವೇನೋ!

ಚಾಮರಾಜನಗರದ ಹರದನಹಳ್ಳಿಯಂಥ ಹೋಬಳಿಯಲ್ಲಿ ‘ಡೊಮಿಸೈಲ್’ ಬೇಕೆಂದು ಬಂದವರಿಗೆ ನಾಡಕಚೇರಿ ಕೊಡುವುದು ವಾಸಸ್ಥಳ ದೃಢೀಕರಣ ಪತ್ರ. ಅರ್ಜಿ ಗ್ರಾಮ ಆಡಳಿತ ಅಧಿಕಾರಿ, ಕಂದಾಯ ನಿರೀಕ್ಷಕರನ್ನು ದಾಟಿ ಉಪತಹಶೀಲ್ದಾರರಿಗೆ ಹೋಗುತ್ತದೆ. ‘ಇವರು ಇಲ್ಲಿ ವಾಸವಿದ್ದಾರೆ’ ಎನ್ನುವುದಷ್ಟೇ ಆ ಪತ್ರದ ಸಾರ. ಗಡಿಯಾಚೆ ತಮಿಳುನಾಡಿನ ತಾಳವಾಡಿಯಲ್ಲಿ ಹುಟ್ಟಿ, ಅಜ್ಜಿ ಮನೆ ಹರದನಹಳ್ಳಿಯಲ್ಲಿದ್ದು ಓದಿದ ಹುಡುಗಿಯೊಬ್ಬಳು ಸಿಇಟಿಗೆ ಈ ಪತ್ರ ಹಿಡಿದು ಹೋದಳೆನ್ನಿ, ಕೆಲಸವಾಗದು. ಅಲ್ಲಿ ಸಾಮಾನ್ಯವಾಗಿ ನೋಡುವುದು 1ನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿದ್ದಾಳೆಯೇ ಎಂದು. ಅದಕ್ಕೆ ಬೇಕಾದ್ದು ಶಾಲೆಯ ವ್ಯಾಸಂಗ ಪತ್ರ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ. ಹುಟ್ಟಿದ ಊರು ಯಾವುದೆಂಬುದು ಇಲ್ಲಿ ದೊಡ್ಡ ಪ್ರಶ್ನೆಯಲ್ಲ.

ಅರ್ಜಿಗಳ ಜೊತೆ ಕೇಳುವ ಅಫಿಡವಿಟ್ಟಿನ ತೊಡಕು ಬೇರೆ. ಅದಕ್ಕೆ ಕನ್ನಡದಲ್ಲಿ ‘ಪ್ರಮಾಣ ಪತ್ರ’ ಎನ್ನುತ್ತಾರೆ, ಸರ್ಟಿಫಿಕೇಟಿಗೂ ಅದೇ ಹೆಸರು. ಹೀಗಾಗಿ ‘ಪ್ರಮಾಣ ಪತ್ರ ಲಗತ್ತಿಸಿ’ ಎಂಬ ಸಾಲು ಓದಿದವನಿಗೆ ಕಚೇರಿಗೆ ಹೋಗಬೇಕೋ ನೋಟರಿ ಬಳಿಗೋ ತಿಳಿಯದು. ಗುರುತು ಸರಳ: ಸರ್ಟಿಫಿಕೇಟಿನಲ್ಲಿ ಮಾತಾಡುವುದು ಅಧಿಕಾರಿ, ಅಫಿಡವಿಟ್ಟಿನಲ್ಲಿ ಮಾತಾಡುವುದು ಸ್ವತಃ ಅರ್ಜಿದಾರ, ಆಣೆಯ ಮೇಲೆ.

ಈ ಸೀಮೆಯಲ್ಲಿ ಹೆಚ್ಚು ಬೇಕಾಗುವುದು ಹೆಸರಿನ ಅಫಿಡವಿಟ್ಟು. ಒಬ್ಬನ ಹೆಸರು ಶಾಲೆಯ ದಾಖಲೆಯಲ್ಲಿ ‘ಮಹದೇವ’, ಆಧಾರಿನಲ್ಲಿ ‘ಮಾದೇವ’ ಎಂದಿರುತ್ತದೆ. ಆತ ತನ್ನ ಹೆಸರು, ತಂದೆಯ ಹೆಸರು, ವಯಸ್ಸು, ವಿಳಾಸ ಬರೆಸಿ, ಯಾವ ದಾಖಲೆಯಲ್ಲಿ ಯಾವ ಹೆಸರಿದೆ ಎಂದು ತಿಳಿಸಿ, ‘ಈ ಎರಡೂ ಹೆಸರಿನ ವ್ಯಕ್ತಿ ನಾನೊಬ್ಬನೇ’ ಎಂದು ಹೇಳಬೇಕು. ತನಗೆ ಖುದ್ದು ಗೊತ್ತಿರುವುದನ್ನಷ್ಟೇ ಬರೆಯಬೇಕು. ಸಹಿಯನ್ನು ಮನೆಯಲ್ಲೇ ಹಾಕಿ ತರುವಂತಿಲ್ಲ, ಅದು ಬೀಳಬೇಕಾದ್ದು ನೋಟರಿಯ ಎದುರಿಗೆ. ಗೊತ್ತಿದ್ದೂ ಸುಳ್ಳು ಹೇಳಿದರೆ ಶಿಕ್ಷೆಯಾದೀತು.

ಇಷ್ಟಾದರೂ ಅಫಿಡವಿಟ್ಟು ಯಾವ ದಾಖಲೆಯನ್ನೂ ತಿದ್ದುವುದಿಲ್ಲ. ಆಧಾರಿನಲ್ಲಿ ‘ಮಾದೇವ’ ಹಾಗೇ ಇರುತ್ತಾನೆ. ತಿದ್ದುಪಡಿಗೆ ಆತ ಆಧಾರ್ ಕೇಂದ್ರದಲ್ಲಿ ಬೇರೆಯೇ ಅರ್ಜಿ ಹಾಕಬೇಕು.