ಮಿಕ್ಸಿ ಸದ್ದಿನ ನಡುವೆ ಒಂದು ಮರುನಮಸ್ಕಾರ

ಅಡುಗೆಮನೆಯ ಕಟ್ಟೆ ಮೇಲಿರುವ ಸ್ಮಾರ್ಟ್ ಸ್ಪೀಕರಿಗೆ ‘ನಮಸ್ಕಾರ’ ಅಂದರೆ ಅದೂ ನಮಸ್ಕಾರ ಹೇಳುತ್ತದೆ. ಆದರೆ ಚಿಮ್ನಿ ಓಡುತ್ತಾ, ಬಾಣಲೆಯ ಎಣ್ಣೆ ಚುರುಗುಟ್ಟುತ್ತಿರುವಾಗ ಆ ಮಾತು ನಮ್ಮ ಕಿವಿಗೆ ತಲುಪಬೇಕಲ್ಲ? ದನಿ ಏರಿಸಿದರಷ್ಟೇ ಸಾಲದು.

ಮಾತಿನ ಬಲವೆಲ್ಲ ಹೆಚ್ಚಾಗಿ ಸ್ವರಗಳಲ್ಲಿರುತ್ತದೆ, ಅರ್ಥವನ್ನು ಬೇರ್ಪಡಿಸುವ ಕೆಲಸ ಬಹುಪಾಲು ವ್ಯಂಜನಗಳದ್ದು. ‘ಉಪ್ಪು ಸಾಕು’, ‘ಉಪ್ಪು ಹಾಕು’ ಎರಡಕ್ಕೂ ಇರುವ ವ್ಯತ್ಯಾಸ ಒಂದೇ ವ್ಯಂಜನ. ‘ಸ’ಕಾರದ ಸುಯ್ಯೆನ್ನುವ ಸದ್ದು ಹೆಚ್ಚಿನ ಆವರ್ತನದ್ದು, ಬಹುಪಾಲು 4000 ಹರ್ಟ್ಸ್‌ಗಿಂತ ಮೇಲಿನದು. ಎಣ್ಣೆಯ ಚುರುಗುಟ್ಟುವಿಕೆಯೂ ಅಲ್ಲಿಗೆ ಹರಡಿಕೊಂಡು ಅದನ್ನೇ ನುಂಗಿಹಾಕುತ್ತದೆ.

ಗದ್ದಲದಲ್ಲಿ ಮನುಷ್ಯರು ಇದಕ್ಕೊಂದು ಪರಿಹಾರವನ್ನು ತಿಳಿಯದೆಯೇ ಕಂಡುಕೊಳ್ಳುತ್ತಾರೆ. ಫ್ರಾನ್ಸಿನ ಕಿವಿ-ಮೂಗು-ಗಂಟಲು ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲಿ ಇದನ್ನು ವಿವರಿಸಿದರು. ಸುತ್ತ ಸದ್ದಿದ್ದರೆ ನಮ್ಮ ದನಿ ತಾನಾಗಿ ಏರುತ್ತದೆ, ಸ್ವರಗಳು ಉದ್ದವಾಗುತ್ತವೆ, ದನಿಯ ಬಲ ಕೆಳಗಿನ ಆವರ್ತನಗಳಿಂದ ಮೇಲಕ್ಕೆ ಸರಿಯುತ್ತದೆ. ಎಂಜಿನಿಯರುಗಳು ಸ್ಪೀಕರಿನ ದನಿಗೂ ಇದೇ ರೂಪ ಕೊಡಬಹುದು. ಒಟ್ಟು ಬಲ ಅಷ್ಟೇ ಇಟ್ಟು, ತಗ್ಗಿನ ಗುಂಯ್‌ಗುಟ್ಟುವಿಕೆಯಿಂದ ಕಡಿತ ಮಾಡಿ 1000ದಿಂದ 4000 ಹರ್ಟ್ಸ್‌ವರೆಗಿನ ಭಾಗಕ್ಕೆ ಹಂಚುತ್ತಾರೆ, ಮೆಲುವಾದ ವ್ಯಂಜನಗಳನ್ನು ಎತ್ತುತ್ತಾರೆ. ಪುಟ್ಟ ಸ್ಪೀಕರಿನ ದನಿಯನ್ನು ಬರೀ ಏರಿಸುತ್ತಾ ಹೋದರೆ ಅದು ಒಡೆದು ಕರ್ಕಶವಾಗುತ್ತದೆ, ಅರ್ಥವಾಗುವುದು ಇನ್ನೂ ಕಷ್ಟ.

ಎಷ್ಟು ಏರಿಸಬೇಕು ಎಂಬುದನ್ನು ಸ್ಪೀಕರಿನ ಮೈಕೇ ಅಳೆಯಬೇಕು. ಇಲ್ಲೊಂದು ತೊಡಕಿದೆ: ಮೈಕಿಗೆ ಸ್ಪೀಕರಿನ ಸ್ವಂತ ದನಿಯೂ ಬೀಳುತ್ತದೆ. ಅದನ್ನು ಕಳೆಯದೆ ಅಳೆದರೆ ತನ್ನ ಮಾತನ್ನೇ ಗದ್ದಲವೆಂದು ಎಣಿಸಿ ಮತ್ತಷ್ಟು ಜೋರಾಗುತ್ತದೆ. ಮಾತಾಡುತ್ತಾ ಆಡುತ್ತಾ ದನಿ ಏರುತ್ತಲೇ ಹೋದರೆ ತಪ್ಪು ಇಲ್ಲೇ ಇದೆ ಎಂದು ತಿಳಿಯಬಹುದು.

ಒಂದು ಲೆಕ್ಕ ಹಾಕೋಣ. ಒಂದು ಮೀಟರ್ ದೂರದಲ್ಲಿ 60 ಡೆಸಿಬಲ್ ಇರುವ ಉತ್ತರ ಎರಡು ಮೀಟರ್ ದೂರದಲ್ಲಿ ಸುಮಾರು 54ಕ್ಕೆ ಇಳಿಯುತ್ತದೆ. ಗೋಡೆಗಳ ಪ್ರತಿಫಲನದಿಂದ ಅಡುಗೆಮನೆಯಲ್ಲಿ ಇಳಿತ ತುಸು ಕಡಿಮೆ. ಚಿಮ್ನಿಯ ಸದ್ದು ನಿಮ್ಮ ಕಿವಿಯ ಬಳಿ 55 ಡೆಸಿಬಲ್ ಎಂದಿಟ್ಟುಕೊಂಡರೆ, ಮೇಲೆ ಹೇಳಿದ ತಿದ್ದುಪಡಿ ಕೈಹಿಡಿಯುತ್ತದೆ. ಕಾಯಿ ರುಬ್ಬುವ ಮಿಕ್ಸಿ 80 ಡೆಸಿಬಲ್ ತಲುಪಿದರೆ ಅಂತರ 25 ಡೆಸಿಬಲ್ ದಾಟುತ್ತದೆ. ಅದನ್ನು ಯಾವ ತಿದ್ದುಪಡಿಯೂ ತುಂಬಲಾರದು.

ಹಾಗಾಗಿ ನನ್ನ ಮಟ್ಟಿಗೆ ಸರಿಯಾದ ವಿನ್ಯಾಸವೆಂದರೆ ಕಾಯುವುದು. ಒಂದು ದೀಪ ಮಿನುಗಿಸಿ ‘ಕೇಳಿಸಿತು’ ಎಂದು ಸೂಚಿಸಿ, ಮಿಕ್ಸಿ ನಿಂತ ಮೇಲೆ ‘ನಮಸ್ಕಾರ, ಹೇಳಿ’ ಎಂಬ ಚಿಕ್ಕ ಉತ್ತರ ಕೊಟ್ಟರೆ ಸಾಕು. ಮೊದಲ ಅಕ್ಷರಗಳು ಗದ್ದಲದಲ್ಲಿ ಕಳೆದುಹೋಗುವ ಸಂಭವ ಹೆಚ್ಚು, ಆದ್ದರಿಂದ ಮುಖ್ಯ ಮಾತು ವಾಕ್ಯದ ತುದಿಗಿರಲಿ. ನಿಮ್ಮ ಮನೆಯ ಸ್ಪೀಕರನ್ನು ಗೋಡೆಯ ಮೂಲೆಗೂ ಮಿಕ್ಸಿಯ ಪಕ್ಕಕ್ಕೂ ಇಡದೆ, ನೀವು ನಿಲ್ಲುವ ಜಾಗಕ್ಕೆ ಹತ್ತಿರ ತಂದಿಡಿ.